ಶುದ್ಧಜಲ ಯಂತ್ರದ ಪ್ರಾತ್ಯಕ್ಷಿಕೆ: ಹೇಳತಕ್ಕ ಮಾತು, ಹೇಳಬಾರದ ಮಾತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆಯಾದರೂ, ಇಲ್ಲಿಯ ಮನೆಗಳಲ್ಲಿ ಕುಡಿಯುವ ನೀರು ಒಂದೇ ಬಗೆಯದಲ್ಲ. ಯಡೂರು, ಕಲ್ಲೋಳ, ಮಾಂಜರಿ, ಅಂಕಲಿ, ಕುಡಚಿ, ಉಗಾರಗಳಂಥ ಊರುಗಳು ಕೃಷ್ಣೆಯ ದಡದಲ್ಲಿಯೋ ಅದರ ಸಮೀಪದಲ್ಲಿಯೋ ಇರುವುವು. ನಿಪ್ಪಾಣಿಯ ಸೀಮೆಯಲ್ಲಿ ವೇದಗಂಗೆಯೂ ದೂಧಗಂಗೆಯೂ ಹರಿಯುತ್ತವೆ. ಆದರೆ ಹೊಳೆಯಿಂದ ದೂರ ಸರಿದು ಅಥಣಿ ತಾಲೂಕಿನ ಪೂರ್ವಕ್ಕೆ, ತೆಲಸಂಗದ ಕಡೆಗೆ ಹೋದಂತೆಲ್ಲ ಜನರು ಕೊಳವೆಬಾವಿಯನ್ನೇ ಹೆಚ್ಚಾಗಿ ನಂಬಬೇಕಾಗುತ್ತದೆ. ಹೊಳೆಯ ನೀರು ಸಾಮಾನ್ಯವಾಗಿ ಸಿಹಿಯಾದುದು, ಆದರೆ ಮಳೆಗಾಲದಲ್ಲಿ ರಾಡಿಯಾಗುವುದು, ರೋಗಾಣುಗಳಿಗೆ ಎಡೆಗೊಡುವುದು. ಬೋರಿನ ನೀರು ಕಣ್ಣಿಗೆ ನಿರ್ಮಲವಾಗಿ ತೋರುವುದು, ಆದರೆ ಎಷ್ಟೋ ಕಡೆ ಸವಳಾಗಿರುವುದು; ಬೇಳೆ ಬೇಯದು, ಸಾಬೂನಿಗೆ ನೊರೆ ಬಾರದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದು.

ಆದುದರಿಂದ ನೀರು ಶುದ್ಧೀಕರಿಸುವ ಯಂತ್ರವನ್ನು ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗುವ ತರುಣನಾಗಲಿ, ಸ್ವಸಹಾಯ ಸಂಘದ ಸಭೆಯಲ್ಲಿ ಅದನ್ನು ತೋರಿಸುವ ಹೆಣ್ಣುಮಗಳಾಗಲಿ, ಎಲ್ಲರ ಮುಂದೆಯೂ ಒಂದೇ ಬಾಯಿಪಾಠವನ್ನು ಒಪ್ಪಿಸಿದರೆ, ಆ ಮಾತು ಅರ್ಧದಷ್ಟು ಮನೆಗಳಲ್ಲಿ ಸುಳ್ಳಾಗುತ್ತದೆ. ಪ್ರಾತ್ಯಕ್ಷಿಕೆ ಮಾಡುವವರಿಗೆ ಒಂದು ನುಡಿಕಟ್ಟನ್ನೂ, ಕೇಳಿ ಕೊಳ್ಳುವವರಿಗೆ ಅದನ್ನು ಪರೀಕ್ಷಿಸುವ ಒಂದು ಬಗೆಯನ್ನೂ ಒಟ್ಟಿಗೆ ಕೊಡಬೇಕೆಂಬುದೇ ಈ ಲೇಖನದ ಉದ್ದೇಶ. ಉದ್ಧರಣ ಚಿಹ್ನೆಗಳ ನಡುವೆ ಇರುವ ಮಾತನ್ನು ಈ ಭಾಗದ ಮನೆಮಾತಿನಲ್ಲಿಯೇ ಇಟ್ಟಿದ್ದೇನೆ. ಯಾಕೆಂದರೆ ಪಡಸಾಲೆಯಲ್ಲಿ ಕುಳಿತವರಿಗೆ ಗ್ರಾಂಥಿಕ ಭಾಷೆಯಲ್ಲಿ ಹೇಳಿದ ವಿಜ್ಞಾನವು ಕಿವಿಯ ಹೊರಗೇ ನಿಂತುಬಿಡುತ್ತದೆ.

ಮೊದಲ ಭೇಟಿ: ಯಂತ್ರಕ್ಕಿಂತ ಮೊದಲು ನೀರು

ಪ್ರಾತ್ಯಕ್ಷಿಕೆಯನ್ನು ಎರಡು ಭೇಟಿಗಳಾಗಿ ಮಾಡುವುದು ಲೇಸು. ಮೊದಲ ದಿನ ಯಂತ್ರವನ್ನು ಬಿಚ್ಚುವ ಕಾರಣವೇ ಇಲ್ಲ. ಕೈಯಲ್ಲಿ ಮೂರು ಸಾಧನಗಳಿದ್ದರೆ ಸಾಕು: ಟಿಡಿಎಸ್ ಮೀಟರು, ನೀರಿನಲ್ಲಿ ಕ್ಲೋರಿನ್ ಇದೆಯೇ ಎಂದು ತೋರಿಸುವ ಹನಿ ಔಷಧದ ಶೀಸೆ, ಮತ್ತು ರೋಗಾಣು ಪರೀಕ್ಷೆಯ ಎಚ್‌ಟುಎಸ್ ಬಾಟಲಿ. ಈ ಕಡೆಯ ಬಾಟಲಿಯ ಪರೀಕ್ಷಾವಿಧಾನವನ್ನು ಗ್ವಾಲಿಯರದ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದರು. ಮನೆಯ ನೀರನ್ನು ಅದರಲ್ಲಿ ಗುರುತಿನವರೆಗೆ ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಮೂಲೆಯಲ್ಲಿ ಒಂದೆರಡು ದಿನ ಇಟ್ಟರೆ, ಮಲದಿಂದ ಬಂದ ರೋಗಾಣುಗಳ ಸಂಪರ್ಕ ನೀರಿಗೆ ತಗಲಿದ್ದಲ್ಲಿ ಅದು ಕಪ್ಪಾಗುತ್ತದೆ. ಫಲ ಕಾಣಲು ಕಾಲ ಬೇಕಾದ ಈ ಪರೀಕ್ಷೆಯ ಕಾರಣದಿಂದಲೇ ಎರಡನೆಯ ಭೇಟಿ ಅವಶ್ಯವಾಗುತ್ತದೆ. ಮಾತು ಹೀಗೆ ಆರಂಭವಾಗಲಿ:

"ನಮಸ್ಕಾರ್ರಿ ಕಾಕಾರ, ನಮಸ್ಕಾರ್ರಿ ವೈನಿ. ಇವತ್ತ ನಾ ಮಶೀನ್ ಮಾರಾಕ ಬಂದಿಲ್ರಿ, ನಿಮ್ಮ ನೀರು ನೋಡಾಕ ಬಂದೇನಿ. ಕುಡಿಯೂ ನೀರು ಎಲ್ಲಿಂದ ತರತೀರಿ? ಹೊಳಿ ನೀರಿನ ನಳಾ ಐತೊ, ಬೋರಿಂದೊ? ಮಳಿಗಾಲದಾಗ ಬಣ್ಣ ಬದಲಾಗತೈತೇನ್ರಿ? ಬ್ಯಾಳಿ ಲಗೂನ ಬೇಯತೈತೊ ಇಲ್ಲೊ? ನೀವು ದಿನಾ ಕುಡಿಯೂ ಕೊಡದಾಗಿಂದ ಒಂದು ತಂಬಿಗಿ ನೀರು ಕೊಡ್ರಿ, ಬ್ಯಾರೆ ನೀರು ಬ್ಯಾಡ."

ಆ ತಂಬಿಗೆಯಲ್ಲಿ ಮೀಟರನ್ನು ಅದ್ದಿದಾಗ ಒಂದು ಅಂಕಿ ಮೂಡುತ್ತದೆ. ಇಲ್ಲಿಯೇ ಮಾರಾಟಗಾರನ ನಾಲಿಗೆ ಜಾರುವ ಮೊದಲ ತಾಣವಿದೆ. ಮೀಟರು ನೀರಿನಲ್ಲಿ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುವುದೆಂಬುದನ್ನು ಅಳೆದು, ಅದರಿಂದ ಕರಗಿದ ಲವಣಗಳ ಪ್ರಮಾಣವನ್ನು ಅಂದಾಜಿಸಿ ಹೇಳುವುದೇ ಹೊರತು, ರೋಗಾಣುವನ್ನಾಗಲಿ, ಕೀಟನಾಶಕವನ್ನಾಗಲಿ ಗುರುತಿಸಲಾರದು. ಚರಂಡಿಯ ನೀರು ಸ್ವಲ್ಪ ಬೆರೆತ ಹೊಳೆನೀರಿನಲ್ಲಿ ಮೀಟರು 250 ತೋರಿಸಬಹುದು, ನಿರಪಾಯವಾದ ಬೋರಿನಲ್ಲಿ 700 ತೋರಿಸಬಹುದು. ಆದಕಾರಣ ಹೇಳತಕ್ಕ ಮಾತು ಇಷ್ಟೇ:

"ಈ ಅಂಕಿ ಉಪ್ಪು-ಸುಣ್ಣದ್ದ ಲೆಕ್ಕಾ ಅಷ್ಟರಿ. ಒಂದ ಲೀಟರಿನ್ಯಾಗ ಎಷ್ಟು ಮಿಲಿಗ್ರಾಂ ಕರಗೈತಿ ಅಂತ ಹೇಳತೈತಿ. 500ರ ತನಕಾ ಇದ್ರ ಬೇಷ್ ಅಂತ ಸರಕಾರದ ಮಾಪ ಐತಿ. ಬ್ಯಾರೆ ನೀರು ಸಿಗದ ಊರಾಗ 2000 ತನಕಾ ನಡಿತೈತಿ ಅಂತಾರ. ಆದ್ರ ಜಡ್ಡು ತರೂ ಹುಳಾ ಇದರಾಗ ಕಾಣೂದಿಲ್ರಿ. ಅದಕ್ಕ ಈ ಬಾಟಲಿ ಬ್ಯಾರೆ ಇಡತೀನಿ. ನಾಡದ ಬರತೀನಿ, ಕೂಡೇ ನೋಡೂಣು."

ಇಲ್ಲಿ ಸರಕಾರದ ಮಾಪವೆಂದರೆ ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಎಂಬ ಕುಡಿಯುವ ನೀರಿನ ಮಾನಕ. ಅದೇ ಮಾನಕದಲ್ಲಿ ನೈಟ್ರೇಟಿಗೆ ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಯಿದ್ದು, ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಕಬ್ಬಿಗೆ ಯಥೇಚ್ಛವಾಗಿ ರಾಸಾಯನಿಕ ಗೊಬ್ಬರ ಹಾಕುವ ಹೊಲಗಳ ನಡುವಿನ ಬೋರಾದರೆ, ನೈಟ್ರೇಟ್ ಮತ್ತು ಫ್ಲೋರೈಡುಗಳನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳುವಂತೆ ಮನೆಯವರಿಗೆ ಹೇಳಿ ಬರುವುದು ಪ್ರಾತ್ಯಕ್ಷಿಕೆ ಮಾಡುವವನ ಕರ್ತವ್ಯ. ಅವನ ಚೀಲದಲ್ಲಿರುವ ಮೀಟರು ಅದನ್ನು ಹೇಳಲಾರದು.

ಎರಡನೆಯ ಭೇಟಿ: ಒಂದೊಂದು ಹಂತಕ್ಕೂ ಒಂದೊಂದೇ ಕೆಲಸ

ಎರಡನೆಯ ದಿನ ಯಂತ್ರದ ಮುಚ್ಚಳವನ್ನು ತೆಗೆದು, ನೀರು ಹಾದುಹೋಗುವ ಕ್ರಮದಲ್ಲಿಯೇ ಮಾತು ಸಾಗಬೇಕು. ಜಾಹೀರಾತುಗಳಲ್ಲಿ ಏಳು ಹಂತ, ಒಂಬತ್ತು ಹಂತ ಎಂದು ಎಣಿಕೆ ಬೆಳೆಯುತ್ತ ಹೋಗಿದ್ದರೂ, ಕೆಲಸದ ದೃಷ್ಟಿಯಿಂದ ನೋಡಿದರೆ ಇರುವುವು ನಾಲ್ಕೇ: ರಾಡಿಯನ್ನು ತಡೆಯುವುದು, ವಾಸನೆ ಮತ್ತು ಕ್ಲೋರಿನನ್ನು ಹೀರುವುದು, ಕರಗಿದ ಲವಣವನ್ನು ಬೇರ್ಪಡಿಸುವುದು, ರೋಗಾಣುವನ್ನು ಕೊಲ್ಲುವುದು ಅಥವಾ ತಡೆಯುವುದು. ಉಳಿದವು ಇವುಗಳ ಪುನರಾವೃತ್ತಿ, ಇಲ್ಲವೆ ರುಚಿಯ ತಿದ್ದುಪಡಿ.

ಮೊದಲನೆಯದು ಸೆಡಿಮೆಂಟ್ ಫಿಲ್ಟರು. ಇದು ಪಾಲಿಪ್ರೊಪಿಲೀನ್ ಎಳೆಗಳನ್ನು ಒತ್ತಾಗಿ ಸುತ್ತಿದ ಬಿಳಿಯ ಕೊಳವೆ. ಸಾಮಾನ್ಯವಾಗಿ 5 ಮೈಕ್ರಾನಿಗಿಂತ ದಪ್ಪನೆಯ ಕಣಗಳನ್ನು ಹಿಡಿಯುವಂಥದು. ಇಲ್ಲಿ ತೋರಿಸಬೇಕಾದ ವಸ್ತುವೆಂದರೆ ಹೊಸ ಕೊಳವೆಯಲ್ಲ. ಹೊಳೆನೀರು ಬರುವ ಯಾವುದಾದರೊಂದು ಮನೆಯಲ್ಲಿ ಒಂದು ಮಳೆಗಾಲವನ್ನು ಕಳೆದು ಬಂದ ಹಳೆಯ ಕೊಳವೆ. ಅದನ್ನು ಅಡ್ಡಲಾಗಿ ಕೊಯ್ದರೆ ಹೊರಗಿನ ಪದರ ಕಂದು ಬಣ್ಣಕ್ಕೆ ತಿರುಗಿ, ಒಳಗೆ ಹೋದಂತೆಲ್ಲ ತಿಳಿಯಾಗುತ್ತ, ನಡುವಿನಲ್ಲಿ ಬಿಳಿಯಾಗಿಯೇ ಉಳಿದಿರುವುದು ಕಾಣುತ್ತದೆ. ಕಂದು ಬಣ್ಣವು ನಡುವಿನ ತನಕ ಇಳಿದಿದ್ದರೆ ಬದಲಿಸುವ ಕಾಲ ಮೀರಿ ಹೋಗಿದೆಯೆಂದು ಅರ್ಥ.

"ಇದು ಜರಡಿ ಇದ್ದಂಗರಿ. ಉಸುಕು, ರಾಡಿ, ನಳದ ತುಕ್ಕು ಇಲ್ಲೇ ನಿಲ್ಲತಾವ. ನೀರಿನ್ಯಾಗ ಕರಗಿದ್ದ ಉಪ್ಪು ಇದರಾಗಿಂದ ಪಾರಾಗತೈತಿ, ಹುಳಾನೂ ಪಾರಾಗತಾವ. ಹೊಳಿ ನೀರಿದ್ರ ಮಳಿಗಾಲದಾಗ ಇದು ಲಗೂ ತುಂಬತೈತಿ. ನೀರಿನ ಧಾರಿ ಸಣ್ಣಾತಂದ್ರ ಮದಲ ಇದನ್ನ ನೋಡ್ರಿ, ಮಶೀನ್ ಕೆಟ್ಟೈತಿ ಅನಬ್ಯಾಡ್ರಿ."

ಎರಡನೆಯದು ಕಾರ್ಬನ್, ಅಂದರೆ ವಿಶೇಷ ಸಂಸ್ಕಾರ ಹೊಂದಿದ ಇದ್ದಿಲು. ಇದರ ಕೆಲಸವನ್ನು ಕಣ್ಣಿಗೆ ತೋರಿಸಲು ಕ್ಲೋರಿನ್ ಪರೀಕ್ಷೆಯ ಹನಿ ಔಷಧವೇ ಉತ್ತಮ ಸಾಧನ. ಪಂಚಾಯತಿಯ ನಳದ ನೀರಿಗೆ ಕೆಲವು ಹನಿಗಳನ್ನು ಬಿಟ್ಟಾಗ ತಿಳಿ ಹಳದಿ ಬಣ್ಣ ಬರುತ್ತದೆ. ಕಾರ್ಬನ್ ದಾಟಿ ಬಂದ ನೀರಿಗೆ ಅಷ್ಟೇ ಹನಿಗಳನ್ನು ಬಿಟ್ಟರೆ ಬಣ್ಣ ಬರುವುದಿಲ್ಲ. ಆದರೆ ಈ ಹಳದಿಯನ್ನು ತೋರಿಸಿ "ನೋಡಿ, ನಿಮ್ಮ ನೀರಿನಲ್ಲಿ ವಿಷ" ಎಂದು ಹೇಳುವುದು ಘೋರವಾದ ಅಪಪ್ರಚಾರ. ಆ ಹಳದಿಯು ಊರಿನ ಟಾಕಿಯಲ್ಲಿ ರೋಗಾಣುನಾಶಕ್ಕಾಗಿ ಹಾಕಿದ ಕ್ಲೋರಿನಿನ ಗುರುತು; ಮಾನಕದ ಪ್ರಕಾರ ನಳದ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಉಳಿದಿರಬೇಕು. ಹಳದಿ ಬಾರದಿದ್ದರೇ ಚಿಂತಿಸಬೇಕು.

"ಹಳದಿ ಬಂತಂದ್ರ ಹೆದರಬ್ಯಾಡ್ರಿ ವೈನಿ, ಚೊಲೋನ. ಪಂಚಾಯತ್ಯಾರು ಔಷಧ ಹಾಕ್ಯಾರಂತ ಅರ್ಥ. ಈ ಕಾರ್ಬನ್ ಆ ಔಷಧದ ವಾಸನಿ ಹೀರತೈತಿ. ಮುಂದಿನ ಮೆಂಬ್ರೇನ್ ಕ್ಲೋರಿನ್ ತಾಕಿದ್ರ ಕೆಡತೈತಿ, ಅದನ್ನೂ ಕಾಯತೈತಿ. ಆದ್ರ ಔಷಧ ತೆಗದ ಮ್ಯಾಲ ನೀರಿಗೆ ಕಾವಲ ಇಲ್ಲ. ಅದಕ್ಕ ಮಶೀನಿನ ಟಾಕಿಯೊಳಗ ನೀರು ದಿನಗಟ್ಟಲೆ ಇಡಬ್ಯಾಡ್ರಿ. ಊರಿಗೆ ಹೋಗಿ ಬಂದ ಮ್ಯಾಲ ಮದಲನೇ ಟಾಕಿ ನೀರು ಚೆಲ್ಲ್ರಿ."

ಮೂರನೆಯದು ಆರ್‌ಓ ಮೆಂಬ್ರೇನು. ಇಂದು ಇಷ್ಟೊಂದು ಮನೆಗಳಿಗೆ ಬಂದಿರುವ ಈ ತಂತ್ರದ ಮೂಲದಲ್ಲಿ ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅವರೂ ಅಮೆರಿಕದ ಸಿಡ್ನಿ ಲೋಬ್ ಅವರೂ 1950ರ ದಶಕದ ಕೊನೆಗೆ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡಲು ಕೈಗೊಂಡ ಪ್ರಯತ್ನವಿದೆ. ಸವಳು ನೀರನ್ನು ಪಂಪಿನಿಂದ ಒತ್ತಿ ಅತಿ ಸೂಕ್ಷ್ಮವಾದ ಪೊರೆಯ ಮೂಲಕ ನೂಕಿದಾಗ, ನೀರು ಪೊರೆಯನ್ನು ದಾಟುತ್ತದೆ. ಲವಣದ ಬಹುಭಾಗ ಹಿಂದೆ ಉಳಿಯುತ್ತದೆ. ಹಿಂದೆ ಉಳಿದ ಆ ಲವಣವನ್ನು ತೊಳೆದು ಒಯ್ಯಲು ಸ್ವಲ್ಪ ನೀರು ಹೊರಗೆ ಹರಿಯಲೇಬೇಕು. ಹರಿಯದಿದ್ದರೆ ಪೊರೆಯು ಸುಣ್ಣ ಕಟ್ಟಿ ಮುಚ್ಚಿಹೋಗುವುದು.

"ಸವಳು ತೆಗಿಯೂ ಕೆಲಸ ಇದೊಂದ ಮಾಡತೈತ್ರಿ, ಬ್ಯಾರೆ ಯಾವದೂ ಮಾಡೂದಿಲ್ಲ. ನೈಟ್ರೇಟ್, ಫ್ಲೋರೈಡ್ ಇದ್ರ ಅವನ್ನೂ ಬಾಳ ಮಟ್ಟಿಗೆ ಕಡಿಮಿ ಮಾಡತೈತಿ. ಆದ್ರ ಇದಕ್ಕ ಕರೆಂಟ್ ಬೇಕು, ನೀರೂ ಹಾಳಾಗತೈತಿ. ಎಷ್ಟು ಹಾಳಾಗತೈತಿ ಅಂತ ಬಾಯಿಲೆ ಹೇಳೂದಿಲ್ಲ, ಅಳದ ತೋರಸ್ತೀನಿ."

ನಾಲ್ಕನೆಯ ಹಂತದಲ್ಲಿ ಎರಡು ಪರ್ಯಾಯಗಳಿವೆ. ಯುವಿ ಎಂಬುದು ನೀಲಲೋಹಿತಾತೀತ ಕಿರಣದ ದೀಪ. ನೀರು ಅದರ ಮುಂದೆ ಹಾದುಹೋಗುವಾಗ ರೋಗಾಣುಗಳ ವಂಶಾಭಿವೃದ್ಧಿಯ ಶಕ್ತಿಯು ನಾಶವಾಗುತ್ತದೆ. ಆದರೆ ನೀರು ರಾಡಿಯಾಗಿದ್ದರೆ ಕಣಗಳ ನೆರಳಿನಲ್ಲಿ ರೋಗಾಣು ಅಡಗಿ ಉಳಿಯುತ್ತದೆ. ದೀಪವು ಹಳೆಯದಾದಂತೆ ಹೊರಗೆ ನೀಲಿಯಾಗಿಯೇ ಉರಿಯುತ್ತಿದ್ದರೂ ಕಿರಣದ ಬಲ ಕುಂದುತ್ತದೆ, ಆದಕಾರಣ ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ವಾಡಿಕೆ. ಯುಎಫ್ ಎಂಬುದು ಟೊಳ್ಳಾದ ಸಣ್ಣ ಎಳೆಗಳ ಕಟ್ಟು. ಅದು ರೋಗಾಣುಗಳನ್ನು ಕೊಲ್ಲದೆ, ತನ್ನ ಸೂಕ್ಷ್ಮ ರಂಧ್ರಗಳಲ್ಲಿ ತಡೆಯುತ್ತದೆ. ಅದಕ್ಕೆ ವಿದ್ಯುತ್ತು ಬೇಡ, ಆದರೆ ಅತಿ ಸಣ್ಣ ವೈರಸ್ಸುಗಳನ್ನು ತಡೆಯುವುದೆಂಬ ಭರವಸೆಯಿಲ್ಲ.

"ಯುವಿ ದೀಪಕ್ಕ ಕರೆಂಟ್ ಬೇಕು, ಯುಎಫ್‌ಗೆ ಬ್ಯಾಡ. ಎರಡೂ ಸವಳು ತೆಗಿಯೂದಿಲ್ಲ. ನಿಮ್ಮ ಊರಾಗ ಕರೆಂಟ್ ಹೊತ್ತು ಹೊತ್ತಿಗೆ ಹೋಗತೈತೇನ್ರಿ? ಹಂಗಿದ್ರ ಇದನ್ನ ವಿಚಾರ ಮಾಡಿ ಹೇಳೂಣು. ಕರೆಂಟ್ ಇಲ್ಲದ ದಿನ ನೀರು ಮರಳಿಸಿ, ಆರಿಸಿ ಕುಡೀರಿ, ಹುಳಾ ಸಾಯತಾವ. ಸವಳು ಮಾತ್ರ ಹಂಗ ಉಳಿತೈತಿ."

ಕಣ್ಕಟ್ಟಿನ ಪರೀಕ್ಷೆ

ಈ ಪ್ರದೇಶದಲ್ಲಷ್ಟೇ ಅಲ್ಲ, ದೇಶದ ನಾನಾ ಕಡೆಗಳಲ್ಲಿ ಮಾರಾಟಗಾರರು ಬಹುಕಾಲದಿಂದ ತೋರಿಸುತ್ತ ಬಂದಿರುವ ಒಂದು ಪರೀಕ್ಷೆಯಿದೆ. ಅದನ್ನು ಬಿಡಿಸಿ ಹೇಳದಿದ್ದರೆ ಈ ಲೇಖನ ಅಪೂರ್ಣವಾಗುವುದು. ಎರಡು ಗಾಜಿನ ಲೋಟಗಳಲ್ಲಿ ಒಂದರಲ್ಲಿ ಮನೆಯ ನೀರು, ಇನ್ನೊಂದರಲ್ಲಿ ಯಂತ್ರದ ನೀರು. ಕಬ್ಬಿಣ ಮತ್ತು ಅಲ್ಯುಮಿನಿಯಮ್ ಸರಳುಗಳನ್ನು ಜೋಡಿಸಿದ ಒಂದು ಉಪಕರಣವನ್ನು ಎರಡಕ್ಕೂ ಅದ್ದಿ, ಗೋಡೆಯ ಪ್ಲಗ್ಗಿಗೆ ಚುಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಮನೆಯ ನೀರು ಹಸಿರು-ಕಂದು ಬಣ್ಣದ ಕೊಳೆಯಿಂದ ತುಂಬಿಹೋಗುತ್ತದೆ. ಯಂತ್ರದ ನೀರು ತಿಳಿಯಾಗಿಯೇ ಇರುತ್ತದೆ. "ಇಷ್ಟು ದಿನ ನೀವು ಕುಡಿದದ್ದು ಇದನ್ನೇ" ಎಂಬ ಮಾತು ಕೇಳಿದ ತಾಯಿಯು ಮಕ್ಕಳ ಕಡೆಗೆ ನೋಡುತ್ತಾಳೆ. ಅಲ್ಲಿಗೆ ವ್ಯಾಪಾರ ಮುಗಿಯುತ್ತದೆ.

ನಿಜವಾಗಿ ಆ ಕೊಳೆಯು ನೀರಿನಲ್ಲಿ ಇದ್ದುದಲ್ಲ, ಸರಳಿನಿಂದ ಬಂದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿಯುವಾಗ ಕಬ್ಬಿಣದ ಸರಳು ಸವೆದು, ತುಕ್ಕಿನ ಜಾತಿಯ ಪದಾರ್ಥವಾಗಿ ನೀರಿನಲ್ಲಿ ಸೇರುತ್ತದೆ. ಯಂತ್ರದ ನೀರಿನಲ್ಲಿ ಲವಣ ಬಹಳ ಕಡಿಮೆಯಿರುವುದರಿಂದ ವಿದ್ಯುತ್ತೇ ಹರಿಯುವುದಿಲ್ಲ, ಸರಳು ಸವೆಯುವುದಿಲ್ಲ, ಬಣ್ಣವೂ ಬರುವುದಿಲ್ಲ. ಇದನ್ನು ಪರೀಕ್ಷಿಸುವ ಉಪಾಯ ಅತ್ಯಂತ ಸರಳವಾದುದು: ಯಂತ್ರದ ತಿಳಿನೀರಿನ ಲೋಟಕ್ಕೆ ಅಡುಗೆಮನೆಯ ಒಂದು ಚಿಟಿಕೆ ಉಪ್ಪನ್ನು ಹಾಕಿ ಕಲಕಿ, ಅದೇ ಉಪಕರಣವನ್ನು ಮತ್ತೆ ಅದ್ದುವಂತೆ ಮಾರಾಟಗಾರನಿಗೇ ಹೇಳಬೇಕು. ಆ "ಶುದ್ಧ" ನೀರೂ ಅಷ್ಟೇ ಕೊಳೆಯಾಗುವುದು. ಉಪಕರಣವು ಗೋಡೆಯ ವಿದ್ಯುತ್ತಿಗೆ ಸೇರಿರುವಾಗ ಯಾರೂ ಲೋಟಕ್ಕೆ ಕೈ ತಾಗಿಸಬಾರದು, ಮಕ್ಕಳನ್ನು ದೂರವಿಡಬೇಕು. ಪ್ರಾಮಾಣಿಕನಾದ ಪ್ರಾತ್ಯಕ್ಷಿಕಕಾರನು ಈ ಉಪಕರಣವನ್ನು ಚೀಲದಲ್ಲಿಯೇ ಇಡತಕ್ಕದ್ದಲ್ಲ.

ಎರಡು ಮನೆಗಳ ಲೆಕ್ಕ

ನುಡಿಕಟ್ಟು ಬೇರೆ ಬೇರೆ ಮನೆಗಳಲ್ಲಿ ಹೇಗೆ ಬದಲಾಗಬೇಕೆಂಬುದನ್ನು ಎರಡು ಕಲ್ಪಿತ ನಿದರ್ಶನಗಳಿಂದ ನೋಡೋಣ. ಅಂಕಲಿಯ ಕಡೆಯ ಒಂದು ಮನೆಗೆ ಹೊಳೆನೀರಿನ ನಳ ಬರುತ್ತದೆ, ಮೀಟರು 250 ತೋರಿಸಿತು, ಎಚ್‌ಟುಎಸ್ ಬಾಟಲಿ ಎರಡನೆಯ ದಿನ ಕಪ್ಪಾಯಿತು ಎಂದು ಇಟ್ಟುಕೊಳ್ಳೋಣ. ಈ ಮನೆಯವರ ಕೊರತೆ ಲವಣದ್ದಲ್ಲ, ರೋಗಾಣುವಿನದು. ಇವರಿಗೆ ಸೆಡಿಮೆಂಟ್, ಕಾರ್ಬನ್, ಯುವಿ ಅಥವಾ ಯುಎಫ್ ಇರುವ ಯಂತ್ರ ಸಾಕು. ಆರ್‌ಓ ಕೊಡುವುದೆಂದರೆ ಸಿಹಿನೀರನ್ನು ಚರಂಡಿಗೆ ಹರಿಸಲು ಹಣ ತೆಗೆದುಕೊಂಡಂತೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2019ರ ಮೇ ತಿಂಗಳಿನ ಆದೇಶದಲ್ಲಿ, ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ಕಡೆ ಆರ್‌ಓವನ್ನು ನಿಷೇಧಿಸಬೇಕೆಂದೂ, ಬಳಸುವ ಕಡೆ ನೀರಿನ ಶೇಕಡಾ 60ರಷ್ಟನ್ನಾದರೂ ಮರಳಿ ಪಡೆಯುವಂತಿರಬೇಕೆಂದೂ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರ ಈ ದಡದ ಊರುಗಳನ್ನು ಮುಳುಗಿಸಿದಾಗ ಬೇಕಾದುದು ಸಹ ರೋಗಾಣುನಾಶವೇ. ಮಹಾಪೂರದ ರಾಡಿಯು ಯುವಿ ದೀಪಕ್ಕೆ ಮೀರಿದ ಹೊರೆಯಾದುದರಿಂದ, ಅಂಥ ದಿನಗಳಲ್ಲಿ ನೀರನ್ನು ತಿಳಿಗೊಳಿಸಿ ಕುದಿಸುವುದೇ ನಂಬತಕ್ಕ ಮಾರ್ಗ.

"ಕಾಕಾರ, ನಿಮ್ಮ ನೀರು ಸಿಹಿ ಐತಿ, ಆದ್ರ ಬಾಟಲಿ ಕಪ್ಪಾಗೇತಿ ನೋಡ್ರಿ. ನಿಮಗ ದೊಡ್ಡ ಮಶೀನ್ ಬ್ಯಾಡ, ಸಣ್ಣದ ಸಾಕು. ಹೊಳಿ ಬಂದಾಗ ಮಶೀನ್ ಮ್ಯಾಲ ಭಾರ ಹಾಕಬ್ಯಾಡ್ರಿ, ಸೋಸಿ ಕುದಿಸಿ ಕುಡೀರಿ."

ಇನ್ನೊಂದು ಮನೆ ಅಥಣಿಯ ಪೂರ್ವಭಾಗದ್ದು; ಬೋರಿನ ನೀರು, ಮೀಟರು 1200 ತೋರಿಸುತ್ತದೆ. 15 ಲೀಟರಿನ ಒಂದು ಕೊಡದಲ್ಲಿ 18 ಗ್ರಾಂ ಲವಣ ಕರಗಿದೆಯೆಂದಾಯಿತು. ಇಲ್ಲಿ ಆರ್‌ಓ ಸಾರ್ಥಕ. ಯಂತ್ರವನ್ನು ಹಚ್ಚಿದ ಮೇಲೆ ಶುದ್ಧನೀರು 90 ತೋರಿಸಿದರೆ, ಶೇಕಡಾ 92.5ರಷ್ಟು ಲವಣವನ್ನು ಪೊರೆ ತಡೆಯಿತೆಂದು ಲೆಕ್ಕ. ಈ ಎರಡು ಅಂಕಿಗಳನ್ನು ಯಂತ್ರದ ಪಕ್ಕದ ಗೋಡೆಗೆ ದಿನಾಂಕದೊಡನೆ ಬರೆದು ಅಂಟಿಸಬೇಕು. ಮುಂದೆ ಬೋರಿನ ಅಂಕಿ ಅಷ್ಟೇ ಇದ್ದು, ಶುದ್ಧನೀರಿನದು ಮೆಲ್ಲಮೆಲ್ಲನೆ ಏರಿ 240ರ ಹತ್ತಿರ ಬಂದರೆ, ಪೊರೆ ಐದರಲ್ಲಿ ಒಂದು ಪಾಲು ಲವಣವನ್ನು ಬಿಡುತ್ತಿದೆ, ಬದಲಿಸುವ ಕಾಲ ಬಂದಿದೆ ಎಂದು ಮನೆಯವರೇ ತಿಳಿಯಬಹುದು. "ವರ್ಷ ಆಯ್ತು, ಮೆಂಬ್ರೇನ್ ಬದಲಿಸಿ" ಎಂಬ ಫೋನಿನ ಮಾತಿಗೆ ಕಾಯಬೇಕಾಗಿಲ್ಲ.

ಹಾಳಾಗುವ ನೀರನ್ನು ಅಳೆಯುವುದೂ ಹೀಗೆಯೇ. ಶುದ್ಧನೀರಿನ ಕೊಳವೆಗೆ ಒಂದು ಪಾತ್ರೆ, ಹೊರಹರಿಯುವ ಕೊಳವೆಗೆ ಒಂದು ಬಕೆಟ್ಟು ಇಟ್ಟು, ಒಂದು ಲೀಟರ್ ಶುದ್ಧನೀರು ತುಂಬುವವರೆಗೆ ಕಾದು, ಬಕೆಟ್ಟಿನಲ್ಲಿ ಬಿದ್ದುದನ್ನು ಲೀಟರಿನ ಅಳತೆಯಿಂದ ಎಣಿಸಬೇಕು. ಮೂರು ಲೀಟರ್ ಬಿದ್ದಿದ್ದರೆ, ದಿನಕ್ಕೆ 20 ಲೀಟರ್ ಕುಡಿಯುವ-ಅಡುಗೆಯ ನೀರಿಗೆ 60 ಲೀಟರ್ ಹೊರಗೆ ಹೋಗುವುದು. ಆ ನೀರು ಪಾತ್ರೆಯ ಮೊದಲ ತೊಳಿತಕ್ಕೆ, ನೆಲ ಒರೆಸಲು, ಶೌಚಾಲಯಕ್ಕೆ ಬಂದೀತು. ಆದರೆ ಹಿತ್ತಿಲ ಗಿಡದ ಬುಡಕ್ಕೆ ನಿತ್ಯ ಸುರಿಯಬಾರದು. ನಾಲ್ಕು ಲೀಟರಿನ 4800 ಮಿಲಿಗ್ರಾಂ ಲವಣದಲ್ಲಿ 90 ಮಾತ್ರ ಶುದ್ಧನೀರಿಗೆ ಹೋಗಿ, ಉಳಿದದ್ದೆಲ್ಲವೂ ಮೂರು ಲೀಟರಿನಲ್ಲಿ ಸೇರಿ, ಅದರ ಟಿಡಿಎಸ್ ಸುಮಾರು 1570ಕ್ಕೆ ಏರಿರುತ್ತದೆ. ಮೊದಲೇ ಸವಳಿಗೆ ಒಲಿಯುವ ನಮ್ಮ ಎರೆಮಣ್ಣಿಗೆ ಅದನ್ನು ದಿನವೂ ಕೊಡುವುದು ಕ್ಷೇಮವಲ್ಲ.

ಹಕ್ಕುಸಾಧನೆಯ ಮಾತುಗಳು

ಕೊನೆಯದಾಗಿ, ಯಂತ್ರದ ಹೆಸರಿನಲ್ಲಿ ಆಡುವ ದೊಡ್ಡ ಮಾತುಗಳನ್ನು ಒಂದೊಂದಾಗಿ ತೂಗಿ ನೋಡಬೇಕು. "ಟಿಡಿಎಸ್ ಎಷ್ಟು ಕಡಿಮೆಯೋ ಅಷ್ಟು ಶ್ರೇಷ್ಠ" ಎಂಬುದು ತಪ್ಪು. 20 ತೋರಿಸುವ ನೀರು 200 ತೋರಿಸುವ ನೀರಿಗಿಂತ ಆರೋಗ್ಯಕರವೆಂದು ಯಾವ ಮಾನಕವೂ ಹೇಳಿಲ್ಲ, ಅದರ ರುಚಿಯೂ ಸಪ್ಪೆ. ಈ ಸಪ್ಪೆತನವನ್ನು ನೀಗಿಸಲೆಂದೇ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ತಿರುಪಣಿಯನ್ನು ಇಟ್ಟಿರುತ್ತಾರೆ. ಅದು ಪೊರೆಯನ್ನು ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಮೇಲಿನ ಮನೆಯಲ್ಲಿ 90 ಇದ್ದುದನ್ನು 200ಕ್ಕೆ ಏರಿಸಬೇಕಾದರೆ ಹತ್ತರಲ್ಲಿ ಒಂದು ಪಾಲಿನಷ್ಟು ಬೋರಿನ ನೀರು ಬೆರೆಯಬೇಕು. ಎಂದರೆ ಬೋರಿನಲ್ಲಿ ನೈಟ್ರೇಟ್ ಇದ್ದರೆ ಅದರ ಹತ್ತನೆಯ ಪಾಲೂ ಮರಳಿ ಬರುತ್ತದೆ. ಪ್ರಯೋಗಾಲಯದ ವರದಿಯಲ್ಲಿ ನೈಟ್ರೇಟ್ ಅಧಿಕವಾಗಿರುವ ಮನೆಯಲ್ಲಿ ಆ ತಿರುಪಣಿಯನ್ನು ಮುಚ್ಚಿಯೇ ಇಡಬೇಕು.

"ಖನಿಜಾಂಶ ಸೇರಿಸುವ ಹಂತ" ಎಂಬುದನ್ನು ಔಷಧದಂತೆ ಬಣ್ಣಿಸಬಾರದು. ನಮ್ಮ ದೇಹಕ್ಕೆ ಬೇಕಾದ ಖನಿಜದ ಬಹುಭಾಗ ಜೋಳ, ಕಾಳು, ಸೊಪ್ಪು, ಹಾಲುಗಳಿಂದ ಬರುತ್ತದೆ. ಮಂಡಿನೋವು ಹೋಗುವುದು, ಕಿಡ್ನಿಯ ಹರಳು ಕರಗುವುದು, ಕೂದಲು ಉದುರುವುದು ನಿಲ್ಲುವುದು ಎಂಬ ಮಾತುಗಳು ಯಂತ್ರ ಮಾರುವವನ ಬಾಯಲ್ಲಿ ಬರಲೇಬಾರದು. "ನೂರಕ್ಕೆ ನೂರು ಶುದ್ಧ" ಎನ್ನುವ ಬದಲು, ಯಾವುದನ್ನು, ಎಷ್ಟು, ಎಷ್ಟು ಲೀಟರಿನವರೆಗೆ ಎಂದು ಹೇಳಬೇಕು; ಮನೆಬಳಕೆಯ ಆರ್‌ಓ ಯಂತ್ರಗಳಿಗೆ ಐಎಸ್ 16240 ಎಂಬ ಮಾನಕವೇ ಇದೆ, ಅದರ ಗುರುತು ಯಂತ್ರದ ಮೇಲಿದೆಯೇ ಎಂದು ಕೊಳ್ಳುವವರು ಕಣ್ಣಾರೆ ನೋಡಿಕೊಳ್ಳಬೇಕು. ಸುಳ್ಳು ಭರವಸೆಯಿಂದ ಮೋಸಹೋದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆಯಿದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಆದರೆ ದೂರು ನಿಲ್ಲಬೇಕಾದರೆ ಬಾಯಿಮಾತು ಸಾಲದು, ಬರಹ ಬೇಕು. ಆದುದರಿಂದ ನುಡಿಕಟ್ಟಿನ ಮುಕ್ತಾಯವು ಹೀಗಿರತಕ್ಕದ್ದು:

"ವೈನಿ, ನಾ ಇಲ್ಲಿ ತನಕಾ ಏನ ಹೇಳೇನಿ, ಅದನ್ನ ಬಿಲ್ಲಿನ ಹಿಂದ ಬರದ ಸಹಿ ಮಾಡಿ ಕೊಡತೀನ್ರಿ. ಬೋರಿನ ಅಂಕಿ, ಮಶೀನಿನ ನೀರಿನ ಅಂಕಿ, ಒಂದ ಲೀಟರಿಗೆ ಹೊರಗ ಹೋಗೂ ನೀರು, ಯಾವ ಕ್ಯಾಂಡಲ್ ಯಾವಾಗ ಬದಲಿಸಬೇಕು, ಅದರ ರೇಟ್ ಎಷ್ಟು, ವರ್ಷದ ಸರ್ವಿಸಿಗೆ ಎಷ್ಟು, ಎಲ್ಲಾ. ಮನಿಯಾಗ ಎಲ್ಲಾರೂ ಕುಂತು ಓದ್ರಿ, ಬೇಕಾದ್ರ ಇನ್ನೊಬ್ಬರ ಕಡೆ ತೋರಿಸಿ ಕೇಳ್ರಿ. ಆಮ್ಯಾಲ ನಿಮಗ ಬೇಕನಿಸಿದ್ರ ಹೇಳ್ರಿ."

ಕೊಳ್ಳುವವರಿಗೂ ಇದೇ ಅಳತೆಗೋಲು. ಈ ಆರು ಸಂಗತಿಗಳನ್ನು ಬರೆದು ಸಹಿ ಮಾಡಲು ಹಿಂಜರಿಯುವವನ ಯಂತ್ರ ಎಷ್ಟೇ ಹಂತಗಳದ್ದಾಗಿರಲಿ, ಅದನ್ನು ಮನೆಯೊಳಗೆ ಹಚ್ಚಿಸಿಕೊಳ್ಳಬಾರದು. ಬರೆದುಕೊಡುವವನ ಕಾಗದವನ್ನು ಯಂತ್ರದ ಪಕ್ಕದಲ್ಲಿಯೇ ಅಂಟಿಸಿ, ಮೂರು ತಿಂಗಳಿಗೊಮ್ಮೆ ಮೀಟರಿನ ಅಂಕಿಯನ್ನು ಅದರ ಕೆಳಗೆ ಬರೆಯುತ್ತ ಹೋದರೆ, ಯಂತ್ರವು ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ನಡೆಸಿಕೊಡುತ್ತಿದೆಯೆಂಬುದು ಮನೆಯವರಿಗೇ ಗೊತ್ತಾಗುತ್ತದೆ.